ಹಾಸನದಲ್ಲಿ ಒಗ್ಗರಣೆ ನಿಂತ ತಿಂಗಳು

ಜೂನ್ ತಿಂಗಳ ಮೊದಲ ವಾರ. ಬೆಳಿಗ್ಗೆ ಹತ್ತೂಕಾಲಿಗೆ ತುಮಕೂರಿನ ಎಣ್ಣೆ ಯಜಮಾನರ ಫೋನು ಬಂತು. ಅವರು ಅಡುಗೆ ಎಣ್ಣೆಯ ಸಗಟು ವ್ಯಾಪಾರಿ. ತುಮಕೂರು, ಹಾಸನ, ಶಿವಮೊಗ್ಗ, ದಾವಣಗೆರೆಗಳಲ್ಲಿ ಗೋದಾಮುಗಳಿವೆ. ನಾನು ಕೆಲಸ ಮಾಡುವ ಪುಟ್ಟ ಲೆಕ್ಕಪತ್ರದ ಕಚೇರಿಯಿಂದ ಅವರಿಗೆ ಪ್ರತಿ ತಿಂಗಳೂ ಒಂದು ಮಾರಾಟದ ವರದಿ ಹೋಗುತ್ತದೆ. ಅದನ್ನು ಸಿದ್ಧಪಡಿಸುವವಳು ನಾನು. ಸಿಂಗರಿಸುವವಳೂ ನಾನೇ, ಆ ಮಾತು ಮುಂದೆ ಬರುತ್ತದೆ.

ಯಜಮಾನರು ಸಂತೋಷದಲ್ಲಿದ್ದಂತೆ ಕಂಡಿತು. "ಮೇಡಂ, ನಿಮ್ಮ ವರದಿ ನೋಡಿ ನಿನ್ನೆಯೇ ಹಾಸನದವನನ್ನು ಸರಿಯಾಗಿ ವಿಚಾರಿಸಿಕೊಂಡೆ. ಮಾರಾಟ ಅರ್ಧಕ್ಕೆ ಇಳಿದಿದೆಯಲ್ಲ, ಹಾಸನದಲ್ಲಿ ಜನ ಒಗ್ಗರಣೆ ಹಾಕುವುದನ್ನೇ ನಿಲ್ಲಿಸಿದ್ದಾರೆಯೇ ಎಂದು ಕೇಳಿದೆ. ಅವನು ಲೆಕ್ಕ ತಪ್ಪಾಗಿದೆ ಎನ್ನುತ್ತಾನೆ. ಹೇಗಿದೆ ನೋಡಿ ಧೈರ್ಯ!"

ಪರದೆಯ ಮೇಲೆ ಮೇ ತಿಂಗಳ ವರದಿ ತೆರೆದೇ ಇತ್ತು. ಹಾಸನ, 5,80,000 ರೂಪಾಯಿ. ಹಿಂದಿನ ತಿಂಗಳು ಹನ್ನೊಂದು ಲಕ್ಷ ದಾಟಿದ್ದ ಊರು. ಈ ಕುಸಿತವನ್ನು ನಾನೂ ಗಮನಿಸಿದ್ದೆ. ಗಮನಿಸಿ, "ಹಾಸನದಲ್ಲಿ ಬೇಡಿಕೆ ಕುಗ್ಗಿರುವುದು ಕಂಡುಬರುತ್ತದೆ" ಎಂದು ಕೆಳಗೆ ಗಂಭೀರವಾದ ಒಂದು ಟಿಪ್ಪಣಿಯನ್ನೂ ಬರೆದಿದ್ದೆ. ಸಂಖ್ಯೆ ವಿಚಿತ್ರವಾಗಿ ಕಂಡಾಗ ಅದನ್ನು ಅನುಮಾನಿಸುವ ಬದಲು ಅದಕ್ಕೊಂದು ಕಾರಣ ಹುಟ್ಟಿಸುವುದು ನಮ್ಮ ವೃತ್ತಿಯ ಹಳೆಯ ಕಾಯಿಲೆ.

"ಅರ್ಧ ಗಂಟೆ ಕೊಡಿ ಸರ್, ನೋಡಿ ಹೇಳುತ್ತೇನೆ" ಎಂದು ಫೋನಿಟ್ಟೆ.

ತಪ್ಪು ಹುಡುಕಲು ಅರ್ಧ ಗಂಟೆ ಬೇಕಾಗಲಿಲ್ಲ. ನಾಲ್ಕು ಗೋದಾಮು, ನಾಲ್ಕು ವಾರ, ಒಟ್ಟು ಹದಿನಾರು ಸಾಲು. ಹಾಸನದಲ್ಲಿ ಲೆಕ್ಕ ಬರೆಯುವ ಹುಡುಗ ಊರಿನ ಜಾತ್ರೆಗೆಂದು ರಜೆ ಹಾಕಿದ್ದ ಎರಡು ವಾರ ಅಲ್ಲಿನ ಮ್ಯಾನೇಜರರೇ ಮೊತ್ತವನ್ನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ್ದರು. ಒಂದು ವಾರ 2,85,000/-, ಇನ್ನೊಂದು ವಾರ 2,95,000/-. ನಾನು ಅದನ್ನು ಹಾಗೆಯೇ ನಕಲಿಸಿ ಎಕ್ಸೆಲ್‌ಗೆ ಅಂಟಿಸಿದ್ದೆ. ಕೊನೆಯಲ್ಲಿರುವ ಆ ಓರೆಗೆರೆ, ಅಡ್ಡಗೆರೆ ನಮಗೆಲ್ಲ ಚೆಕ್ಕು, ರಸೀದಿಗಳಿಂದ ಬಂದ ಅಭ್ಯಾಸ. ನಮ್ಮ ಕಣ್ಣು ಅದನ್ನು ಓದುವುದೇ ಇಲ್ಲ. ಎಕ್ಸೆಲ್ ಮಾತ್ರ ಓದುತ್ತದೆ, ಓದಿ ಇದು ಸಂಖ್ಯೆಯಲ್ಲ, ಬರಹ ಎಂದು ತೀರ್ಮಾನಿಸುತ್ತದೆ. ಎಕ್ಸೆಲ್‌ನ ಎರಡು ಚೌಕದ ಮನೆಗಳನ್ನು ಕೂಡುವ ಚಿಹ್ನೆ ಹಾಕಿ ಸೇರಿಸಿದ್ದರೆ `#VALUE!` ಎಂದು ಕಿರುಚಿಕೊಳ್ಳುತ್ತಿತ್ತು. ಆದರೆ ಮೊತ್ತ ಕೂಡುವ `SUM`ಗೆ ಇಡೀ ಪಟ್ಟಿಯನ್ನು ಒಪ್ಪಿಸಿದರೆ ಅದು ಮದುವೆ ಮನೆಯ ಹಿರಿಯರಂತೆ, ತನಗೆ ಬೇಡದವರನ್ನು ಕಂಡೂ ಕಾಣದಂತೆ ದಾಟಿ ಉಳಿದವರನ್ನು ಮಾತ್ರ ಎಣಿಸುತ್ತದೆ. ಒಂದು ಮಾತನ್ನೂ ಆಡುವುದಿಲ್ಲ.

ಎಕ್ಸೆಲ್ ಮೋಸ ಮಾಡಿತು ಎಂದೂ ಹೇಳುವ ಹಾಗಿಲ್ಲ. ತಾನಾಗಿ ಬಿಟ್ಟರೆ ಅದು ಸಂಖ್ಯೆಗಳನ್ನು ಬಲಕ್ಕೂ ಬರಹವನ್ನು ಎಡಕ್ಕೂ ನಿಲ್ಲಿಸುತ್ತದೆ. ಆ ಎರಡು ಮೊತ್ತಗಳು ಎಡಗೋಡೆಗೆ ಅಂಟಿಕೊಂಡು "ನಾವು ಬೇರೆ ಜಾತಿ" ಎಂದು ಸಾರುತ್ತಲೇ ಇರುತ್ತಿದ್ದವು. ಆದರೆ ವರದಿ ಅಂದವಾಗಿ ಕಾಣಲಿ ಎಂದು ನಾನು ಹದಿನಾರು ಸಾಲುಗಳನ್ನೂ ನಟ್ಟನಡುವೆ ನಿಲ್ಲಿಸಿ, ಮೇಲೆ ತಿಳಿನೀಲಿ ಬಣ್ಣ ಬಳಿದಿದ್ದೆ. ಸಿಂಗಾರದಲ್ಲಿ ಸುಳಿವು ಅಳಿಸಿಹೋಯಿತು.

ಹೀಗೆ ಹಾಸನದ 11,60,000 ರೂಪಾಯಿ 5,80,000 ಆಯಿತು. ಒಟ್ಟು 61,00,000 ಇರಬೇಕಾದದ್ದು 55,20,000 ಆಯಿತು. ಏಪ್ರಿಲ್‌ನ 58,00,000ಕ್ಕೆ ಹೋಲಿಸಿದರೆ ಮೂರು ಲಕ್ಷ ಏರಿದ್ದ ಮಾರಾಟ ನನ್ನ ವರದಿಯಲ್ಲಿ 2,80,000 ಇಳಿದಿತ್ತು. ಯಜಮಾನರಿಗೆ ಫೋನು ಮಾಡಿ, "ಸರ್, ಹಾಸನದವರು ಹೇಳಿದ್ದೇ ನಿಜ, ತಪ್ಪು ನನ್ನದು. ಸಂಜೆಯೊಳಗೆ ಬರಹದಲ್ಲಿ ಕಳುಹಿಸುತ್ತೇನೆ" ಎಂದೆ. ಅವರು ಒಂದು ಕ್ಷಣ ಸುಮ್ಮನಿದ್ದು "ಹಾಂ" ಎಂದರು. ಅಷ್ಟು ಉದ್ದದ "ಹಾಂ" ಅನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಇಮೇಲ್ ಬರೆಯಲು ಕೂತೆ. ಕನ್ನಡದಲ್ಲಿ ಕ್ಷಮೆ ಕೇಳುವುದು ಎಷ್ಟು ಕಷ್ಟವೋ, ಕೇಳದೆ ಕೇಳಿದಂತೆ ಮಾಡುವುದು ಅಷ್ಟೇ ಸುಲಭ ಎಂದು ಆಗ ತಿಳಿಯಿತು. "ತಪ್ಪಾಗಿದೆ" ಎಂದು ಬರೆದೆ. ಮಳೆಯಾಗಿದೆ, ಬೆಳಗಾಗಿದೆ ಎಂಬಂತೆ ತಪ್ಪೂ ತಾನಾಗಿ ಆಗಿದೆ, ಮಾಡಿದವರು ಯಾರೂ ಇಲ್ಲ. ಅಳಿಸಿ "ಕಣ್ತಪ್ಪಿನಿಂದ" ಎಂದೆ. ಪಾಪ, ಕಣ್ಣಿನ ತಲೆಗೆ ಕಟ್ಟಿದೆ. "ಅಚಾತುರ್ಯದಿಂದ" ಎಂದರೆ ಮಿಕ್ಕ ದಿನಗಳಲ್ಲಿ ನಾನು ಬಹಳ ಚತುರೆ ಎಂಬ ಧ್ವನಿ. "ಉಂಟಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಎಂದು ಬರೆದಾಗ ನಾನೇ ಅಗೆದ ರಸ್ತೆಯ ಪಕ್ಕದಲ್ಲಿ ನೆಟ್ಟ ಫಲಕದಂತೆ ಕಂಡೆ. ಫಲಕ ವಿಷಾದಿಸುತ್ತಲೇ ಇರುತ್ತದೆ, ಗುಂಡಿ ಹಾಗೆಯೇ ಇರುತ್ತದೆ.

ಕೊನೆಗೆ ಎಲ್ಲವನ್ನೂ ಬಿಟ್ಟು ನಡೆದದ್ದನ್ನು ನಡೆದಂತೆ ಬರೆಯುತ್ತೇನೆ ಎಂದು ಹೊರಟೆ. ಅದು ಎರಡು ಪುಟವಾಯಿತು. ಅದರಲ್ಲಿ ವಾಟ್ಸ್ಆ್ಯಪ್ ಇತ್ತು, ಜಾತ್ರೆ ಇತ್ತು, `SUM`ನ ಸ್ವಭಾವ ಇತ್ತು, ಆ ದಿನ ಮೂರು ಬಾರಿ ಕರೆಂಟು ಹೋಗಿದ್ದರ ವಿವರ ಇತ್ತು. "ಹಾಸನದಿಂದ ಬಂದ ಮೊತ್ತದ ಕೊನೆಯಲ್ಲಿ /- ಎಂಬ ಗುರುತಿದ್ದುದರಿಂದ" ಎಂಬ ವಾಕ್ಯವಂತೂ ಮೂರು ಕಡೆ ಇತ್ತು. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಬರೆದು ಮುಗಿಸಿದಾಗ ಮನಸ್ಸು ಎಷ್ಟು ಹಗುರವಾಯಿತೆಂದರೆ, ಕ್ಷಮೆ ಕೇಳಬೇಕಾದವರು ಹಾಸನದವರೇ ಎಂದು ನನಗೂ ಅನ್ನಿಸತೊಡಗಿತ್ತು.

ಊಟಕ್ಕೆ ಮನೆಗೆ ಹೋದಾಗ ಅಪ್ಪನಿಗೆ ಓದಲು ಕೊಟ್ಟೆ. ಅಪ್ಪ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಿದ್ದವರು. ಮದುವೆಯ ಕರೆಯೋಲೆ ಕೊಟ್ಟರೂ ಮೊದಲು ಪೆನ್ನು ಹುಡುಕುತ್ತಾರೆ. ಓದಿ, ಎರಡು ಅಕ್ಷರ ತಿದ್ದಿ, "ಇದರಲ್ಲಿ ಸರಿಯಾದ ಮೊತ್ತ ಎಷ್ಟೆಂದು ಎಲ್ಲಿದೆ?" ಎಂದರು. ಹುಡುಕಿದೆ. ಎರಡನೇ ಪುಟದ ಕೊನೆಯಲ್ಲಿ, ಕರೆಂಟು ಮೂರನೇ ಬಾರಿ ಹೋದ ಮೇಲೆ ಇತ್ತು.

"ನಮ್ಮ ಕಾಲದ ಪುಸ್ತಕಗಳ ಹಿಂದೆ ತಪ್ಪು-ಒಪ್ಪು ಎಂದು ಒಂದು ಪುಟ ಇರುತ್ತಿತ್ತಲ್ಲ" ಎಂದರು ಅಪ್ಪ. "ಪುಟ, ಸಾಲು, ತಪ್ಪು, ಒಪ್ಪು. ಅಷ್ಟೇ. ಅಚ್ಚುಮೊಳೆ ಜೋಡಿಸುವವನಿಗೆ ಅಂದು ಜ್ವರ ಬಂದಿತ್ತು ಎಂದು ಐದನೇ ಕಲಂ ಇರುತ್ತಿರಲಿಲ್ಲ." ಸಾರು ಬಡಿಸಿಕೊಳ್ಳುತ್ತಾ ಮತ್ತೆ ಕೇಳಿದರು, "ಬೈಸಿಕೊಂಡನಲ್ಲ ಹಾಸನದವನು, ಅವನ ಮಾತೇ ಇಲ್ಲವಲ್ಲ?"

ಇತ್ತು. ಮೂರು ಕಡೆ ಇತ್ತು. ಆರೋಪಿಯಾಗಿ ಇತ್ತು.

ಕಚೇರಿಗೆ ಬಂದವಳು ಇಮೇಲ್ ಮುಟ್ಟಲಿಲ್ಲ. ಮೊದಲು ಜನವರಿಯಿಂದ ಏಪ್ರಿಲ್‌ವರೆಗಿನ ವರದಿಗಳನ್ನು ತೆರೆದೆ. ಇಂದು ಕ್ಷಮೆ ಕೇಳಿ, ನಾಳೆ ಮಾರ್ಚ್‌ನಲ್ಲೂ ಇದೇ ತಪ್ಪು ಸಿಕ್ಕಿದರೆ ಎರಡನೇ ಕ್ಷಮೆಗೆ ಕವಡೆಯ ಬೆಲೆಯೂ ಇರುವುದಿಲ್ಲ. ಪ್ರತಿಯೊಂದರಲ್ಲೂ ಈ ಸಾಲು ಹಾಕಿ ನೋಡಿದೆ:

```
=COUNTA(C2:C17)-COUNT(C2:C17)
```

ಮೊದಲನೆಯದು ತುಂಬಿದ ಮನೆಗಳನ್ನೆಲ್ಲ ಎಣಿಸುತ್ತದೆ, ಎರಡನೆಯದು ಸಂಖ್ಯೆ ಇರುವ ಮನೆಗಳನ್ನು ಮಾತ್ರ. ಎಲ್ಲವೂ ಸಂಖ್ಯೆಗಳೇ ಆಗಿದ್ದರೆ ಉತ್ತರ ಸೊನ್ನೆ. ಮೇ ತಿಂಗಳಿಗೆ 2 ಬಂತು, ಉಳಿದ ನಾಲ್ಕು ತಿಂಗಳಿಗೂ ಸೊನ್ನೆ. ಸೊನ್ನೆಯನ್ನು ನೋಡಿ ಅಷ್ಟು ಸಂತೋಷಪಟ್ಟದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಆ ಸಾಲು ಈಗ ವರದಿಯ ಮೂಲೆಯಲ್ಲಿ ಕಾಯಂ ಆಗಿ ಕೂತಿದೆ. ಆದರೆ ಕೊನೆಗೆ ಅಕ್ಷರ ಸೇರಿಸಿದ್ದಾರೋ, ಓರೆಗೆರೆ ಹಾಕಿದ್ದಾರೋ ಎಂಬುದನ್ನಷ್ಟೇ ಅದು ಹಿಡಿಯುತ್ತದೆ, 2,85,000ದ ಬದಲು 2,58,000 ಎಂದು ಬರೆದರೆ ತಲೆಯಾಡಿಸಿ ಒಪ್ಪಿಕೊಳ್ಳುತ್ತದೆ.

ಆಮೇಲೆ ಬರೆದ ಪತ್ರ ಇದು:

"ವಿಷಯ: ಮೇ ವರದಿಯಲ್ಲಿ ತಪ್ಪು, ತಿದ್ದಿದ ಪ್ರತಿ ಲಗತ್ತಿಸಿದೆ

ಮಾನ್ಯರೆ,

ಮೇ ತಿಂಗಳ ವರದಿಯಲ್ಲಿ ಹಾಸನದ ಎರಡು ವಾರಗಳ ಮಾರಾಟವನ್ನು ನಾನು ಮೊತ್ತಕ್ಕೆ ಸೇರಿಸಿರಲಿಲ್ಲ. ಹಾಸನದ ಮಾರಾಟ 5,80,000 ಅಲ್ಲ, 11,60,000 ರೂಪಾಯಿ. ಒಟ್ಟು ಮಾರಾಟ 55,20,000 ಅಲ್ಲ, 61,00,000 ರೂಪಾಯಿ. ಏಪ್ರಿಲ್‌ಗಿಂತ ಮಾರಾಟ ಇಳಿದಿಲ್ಲ, 3,00,000 ರೂಪಾಯಿ ಏರಿದೆ. ಹಾಸನದಲ್ಲಿ ಬೇಡಿಕೆ ಕುಗ್ಗಿದೆ ಎಂಬ ನನ್ನ ಟಿಪ್ಪಣಿಯನ್ನು ಹಿಂತೆಗೆದುಕೊಂಡಿದ್ದೇನೆ.

ಹಾಸನದಿಂದ ಲೆಕ್ಕ ಸಕಾಲಕ್ಕೆ, ಸರಿಯಾಗಿಯೇ ಬಂದಿತ್ತು. ತಪ್ಪು ನನ್ನದು. ಇದರಿಂದ ಅಲ್ಲಿನ ಮ್ಯಾನೇಜರರು ಮಾತು ಕೇಳಬೇಕಾಯಿತು. ಅವರ ಮತ್ತು ನಿಮ್ಮ ಕ್ಷಮೆ ಕೇಳುತ್ತೇನೆ.

ಜನವರಿಯಿಂದ ಏಪ್ರಿಲ್‌ವರೆಗಿನ ವರದಿಗಳನ್ನು ಮತ್ತೆ ಪರಿಶೀಲಿಸಿದ್ದೇನೆ, ಅವುಗಳಲ್ಲಿ ಈ ತಪ್ಪಿಲ್ಲ. ಹಳೆಯ ಮೇ ವರದಿಯನ್ನು ಬ್ಯಾಂಕಿಗೆ ಕೊಟ್ಟಿದ್ದರೆ ತಿಳಿಸಿ, ತಿದ್ದಿದ ಪ್ರತಿಯನ್ನು ನಾನೇ ತಲುಪಿಸುತ್ತೇನೆ."

ಓರೆಗೆರೆಯ ಮಾತು ಎತ್ತಲಿಲ್ಲ. ಎತ್ತದಿರಲು ಎಷ್ಟು ಕಷ್ಟವಾಯಿತು ಎಂಬುದನ್ನು ಇಲ್ಲಿಯಾದರೂ ಹೇಳಿಕೊಳ್ಳುತ್ತೇನೆ. ಕಳುಹಿಸುವ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಎರಡು ಬಾರಿ "ತಾಂತ್ರಿಕ ಕಾರಣದಿಂದ" ಎಂದು ಸೇರಿಸಿ ಎರಡು ಬಾರಿ ಅಳಿಸಿದೆ. ಪತ್ರದ ಒಂದು ಪ್ರತಿಯನ್ನು ಹಾಸನದ ಮ್ಯಾನೇಜರರಿಗೂ ಕಳುಹಿಸಿದೆ. ಬೈಗುಳ ಅವರವರೆಗೆ ತಲುಪಿತ್ತಲ್ಲ, ತಿದ್ದುಪಡಿ ತುಮಕೂರಿನಲ್ಲೇ ನಿಂತರೆ ಹೇಗೆ?

ಯಜಮಾನರ ಉತ್ತರ ಹತ್ತು ನಿಮಿಷದಲ್ಲಿ ಬಂತು. "ಸರಿ ಮೇಡಂ. ಅವನ ಹತ್ತಿರ ಮಾತನಾಡಿದೆ. ಬ್ಯಾಂಕಿಗೆ ಕೊಟ್ಟಿಲ್ಲ." ಎರಡು ಪುಟ ಕಳುಹಿಸಿದ್ದರೆ ಅವರಿಗೆ ಬ್ಯಾಂಕಿನ ಪ್ರಶ್ನೆ ಕಾಣಿಸುತ್ತಲೇ ಇರಲಿಲ್ಲ.

ಮರುದಿನ ನಾನೇ ಹಾಸನಕ್ಕೆ ಫೋನು ಮಾಡಿದೆ. ಕ್ಷಮೆಯನ್ನು ಬಾಯಲ್ಲೂ ಒಮ್ಮೆ ಕೇಳಿ, ಸ್ವಲ್ಪ ಹೊತ್ತು ಮಳೆಯ ವಿಷಯ ಮಾತನಾಡಿ, ಇನ್ನು ಮುಂದೆ ಮೊತ್ತದ ಕೊನೆಗೆ ಗೆರೆ ಹಾಕದಿದ್ದರೆ ನನಗೆ ಅನುಕೂಲ ಎಂದೆ.

"ಗೆರೆ ಹಾಕದಿದ್ದರೆ ಯಾರಾದರೂ ಮುಂದೆ ಒಂದು ಸೊನ್ನೆ ಸೇರಿಸಿಬಿಟ್ಟರೆ ಮೇಡಂ?" ಎಂದರು. ಅರ್ಧ ಮಾರಾಟವನ್ನೇ ನುಂಗಿದವಳು ಆ ಪ್ರಶ್ನೆಗೆ ಏನು ಉತ್ತರ ಕೊಡಬೇಕು? ಸುಮ್ಮನಿದ್ದೆ. ಅವರೇ ದನಿ ತಗ್ಗಿಸಿ ಮುಂದುವರಿಸಿದರು. "ಪತ್ರ ಬಹಳ ಚೆನ್ನಾಗಿತ್ತು ಮೇಡಂ. ನಮ್ಮ ಯಜಮಾನರು ಹನ್ನೆರಡು ವರ್ಷದಲ್ಲಿ ಮೊದಲ ಬಾರಿ ನನಗೆ 'ಬೇಜಾರು ಮಾಡಿಕೊಳ್ಳಬೇಡ' ಎಂದರು. ಒಂದು ಮಾತು ಕೇಳಲೇ? ಈ ತಿಂಗಳು ಇಲ್ಲಿ ಮಾರಾಟ ನಿಜವಾಗಿಯೂ ಕಡಿಮೆ. ಜುಲೈನಲ್ಲಿ ಇನ್ನೊಂದು ಪತ್ರ ಬರೆಯಲು ಆಗುತ್ತದೆಯೇ?"