ಜಪಾನಿನ ರೈಸ್ ಕುಕ್ಕರ್: ಫಲಕದಲ್ಲಿರುವ 50-60 ಏನು ಹೇಳುತ್ತದೆ?

“ಜಪಾನಿನಿಂದ ತಂದ ಕುಕ್ಕರಿನ ಫಲಕದಲ್ಲಿ 50-60 ಹರ್ಟ್ಸ್ ಎಂದಿದ್ದರೆ ಭಾರತದಲ್ಲೂ ನಡೆಯುತ್ತದೆ, ಪಿನ್ ಬದಲಿಸುವ ಅಡಾಪ್ಟರ್ ಸಾಕು” ಎಂಬ ಮಾತು ಫಲಕದ ಫೋಟೊಗಳ ಜೊತೆ ಹಂಚಿಕೆಯಾಗುತ್ತಿದೆ.

ಸಾಲದು. ಜಪಾನಿನ ಪೂರ್ವಭಾಗದಲ್ಲಿ 50, ಪಶ್ಚಿಮದಲ್ಲಿ 60 ಹರ್ಟ್ಸ್ ವಿದ್ಯುತ್ ಇದೆ. ಎರಡೂ ಕಡೆ ಮಾರಲೆಂದು ಹಾಗೆ ಬರೆಯುತ್ತಾರೆ, ನಮಗಾಗಿ ಅಲ್ಲ. ಹಂಚಿಕೆಯಾಗುತ್ತಿರುವ ಫೋಟೊಗಳಲ್ಲಿ ಅದರ ಪಕ್ಕದಲ್ಲೇ ಇರುವ ‘ಕೋರ್ಯೂ 100’ ಅನ್ನು ಯಾರೂ ಓದಿದಂತಿಲ್ಲ. ಕೋರ್ಯೂ ಎಂದರೆ ಎಸಿ. ಅಂದರೆ 100 ವೋಲ್ಟ್ ಮಾತ್ರ. ಇಂಥ ಉಪಕರಣಗಳ ಮೇಲೆ ಸಾಮಾನ್ಯವಾಗಿರುವ ಎಚ್ಚರಿಕೆಯ ಅರ್ಥವೂ ಅದೇ: ಎಸಿ 100 ವೋಲ್ಟ್ ಹೊರತು ಬೇರೆಡೆ ಬಳಸಬೇಡಿ, ಬೆಂಕಿ ಮತ್ತು ವಿದ್ಯುದಾಘಾತಕ್ಕೆ ಕಾರಣವಾಗುತ್ತದೆ.

ಲೆಕ್ಕ ನೋಡಿ. 700 ವ್ಯಾಟ್ ಎಂದು ಬರೆದ ಕುಕ್ಕರಿನ ಕಾಯಿಲಿನ ರೋಧ ಸುಮಾರು 14 ಓಮ್. ನಮ್ಮ 230 ವೋಲ್ಟಿಗೆ ಸಿಕ್ಕಿಸಿದರೆ ವೋಲ್ಟೇಜ್ 2.3 ಪಟ್ಟು, ಶಾಖ ಅದರ ವರ್ಗದಷ್ಟು, ಅಂದರೆ ಐದು ಪಟ್ಟಿಗೂ ಹೆಚ್ಚು: ಸುಮಾರು 3,700 ವ್ಯಾಟ್. ಒಳಗಿನ ಥರ್ಮಲ್ ಫ್ಯೂಸ್ ಹಾರಿದರೆ ನಿಮ್ಮ ಅದೃಷ್ಟ. ಪಿನ್ ಅಡಾಪ್ಟರ್ ವೋಲ್ಟೇಜನ್ನು ಒಂದಿಷ್ಟೂ ಇಳಿಸುವುದಿಲ್ಲ.

ಬಳಸಲೇಬೇಕಿದ್ದರೆ 230ರಿಂದ 100ಕ್ಕೆ ಇಳಿಸುವ, ಕನಿಷ್ಠ 1,000 ವಿಎ ಸಾಮರ್ಥ್ಯದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅಂಗಡಿಯಲ್ಲಿ 110 ವೋಲ್ಟಿನದ್ದನ್ನು ಕೊಟ್ಟಾರು; ಅದರಲ್ಲೂ ಶಾಖ ಶೇ. 21ರಷ್ಟು ಹೆಚ್ಚುತ್ತದೆ. ಇನ್ನು, ಫಲಕದಲ್ಲಿ ‘100-240’ ಎಂದೇ ಇರುವ ಮೊಬೈಲ್ ಚಾರ್ಜರಿಗೆ ಪಿನ್ ಅಡಾಪ್ಟರ್ ಸಾಕು. ಈ ಗೊಂದಲ ಹುಟ್ಟಿದ್ದೂ ಬಹುಶಃ ಅಲ್ಲಿಂದಲೇ.