ಐದು ಬಿಂದುಗಳ ಸುಳ್ಳು ಒಪ್ಪಿಗೆ

"ಕಂಪ್ಯೂಟರ್‌ನಲ್ಲಿ ಅನುಕಲನ ಲೆಕ್ಕ ಹಾಕುವಾಗ ಎರಡೂ ಅಂದಾಜು ಒಂದೇ ಬಂದ ಮೇಲೆ ಉತ್ತರವನ್ನು ನಂಬಬಹುದಲ್ವಾ?"

ಯಾವಾಗಲೂ ಅಲ್ಲ. ಅಡಾಪ್ಟಿವ್ ಸಿಂಪ್ಸನ್ ವಿಧಾನದಲ್ಲಿ ವಕ್ರರೇಖೆಯ ಕೆಳಗಿನ ವಿಸ್ತೀರ್ಣ ಅಳೆಯಲು ಇಡೀ ಅಂತರಕ್ಕೆ ಒಂದು ಪ್ಯಾರಾಬೋಲ, ಎರಡು ಅರ್ಧಕ್ಕೂ ಒಂದೊಂದು ಪ್ಯಾರಾಬೋಲ ಹಾಕಿ ಹೋಲಿಸುತ್ತೇವೆ. ವ್ಯತ್ಯಾಸವನ್ನು 15ರಿಂದ ಭಾಗಿಸಿದರೆ ದೋಷದ ಅಂದಾಜು ಸಿಗುತ್ತದೆ. ಹೆಜ್ಜೆ ಅರ್ಧವಾದಾಗ ದೋಷ ಸುಮಾರು 16 ಪಟ್ಟು ಇಳಿಯುತ್ತದೆ ಎಂಬುದು ಅದರ ಹಿಂದಿನ ಲೆಕ್ಕ. ಆದರೆ ಫಲನ ನುಣುಪಾಗಿದ್ದು, ಹೆಜ್ಜೆ ಸಾಕಷ್ಟು ಚಿಕ್ಕದಿದ್ದರೆ ಮಾತ್ರ ಇದು ನಿಜ. ಈ ದೋಷದ ಅಂದಾಜು ಟಾಲರೆನ್ಸ್‌ಗಿಂತ, ಅಂದರೆ ನಾವು ಒಪ್ಪುವ ದೋಷದ ಮಿತಿಗಿಂತ, ದೊಡ್ಡದಿದ್ದರೆ ಅಂತರವನ್ನು ಎರಡಾಗಿ ಒಡೆದು ಪ್ರತಿ ತುಂಡಿಗೂ ಇದನ್ನೇ ಮಾಡುತ್ತೇವೆ; ಇಲ್ಲದಿದ್ದರೆ ನಿಲ್ಲುತ್ತೇವೆ.

`sin²(x)` ಅನ್ನು 0ಯಿಂದ 4π ವರೆಗೆ ಹಾಕಿ ನೋಡಿ. ಮೊದಲ ಅಂದಾಜು 0, 2π, 4π ಬಿಂದುಗಳನ್ನು ನೋಡುತ್ತದೆ. ಎರಡನೆಯದು π, 3π ಸೇರಿಸಿಕೊಳ್ಳುತ್ತದೆ. ಐದೂ ಕಡೆ ಬೆಲೆ ಸೊನ್ನೆ! ವ್ಯತ್ಯಾಸವೂ ಸೊನ್ನೆ, ಹಾಗಾಗಿ ಪ್ರೋಗ್ರಾಂ ಖುಷಿಯಾಗಿ 0 ಕೊಟ್ಟು ನಿಲ್ಲುತ್ತದೆ. ನಿಜವಾದ ಉತ್ತರ 2π, ಅಂದರೆ ಸುಮಾರು 6.28. ಟಾಲರೆನ್ಸ್ ಎಷ್ಟೇ ಬಿಗಿ ಮಾಡಿದರೂ ಇದು ಸರಿಹೋಗುವುದಿಲ್ಲ.

ಕನಿಷ್ಠ ಎರಡು ಹಂತ ಒಡೆಯಲೇಬೇಕು ಎಂದು ಕಡ್ಡಾಯ ಮಾಡಿ. ಆಗ π ಅಗಲದ ತುಂಡಿನಲ್ಲಿ ಒರಟು ಅಂದಾಜು 2.09, ಸೂಕ್ಷ್ಮ ಅಂದಾಜು 1.57. ಜಗಳ ಬಯಲಾಯಿತು, ಒಡೆಯುವುದು ಮುಂದುವರಿಯುತ್ತದೆ. ಆವರ್ತಕ ಫಲನಕ್ಕೆ ಮೊದಲೇ ಅಸಮ ತುಂಡು ಮಾಡುವುದು ಇನ್ನೂ ಒಳ್ಳೆಯದು. ಫಲನವನ್ನು ಎಷ್ಟು ಸಲ ಕರೆದಿದೆ ಎಂದೂ ಎಣಿಸಿ. ಬರೀ 5 ಬಂದರೆ ಅನುಮಾನಪಡಿ.