ಬಗ್ ಒಂದು, ರಿಲೀಸ್ ಲೈನ್ ಮೂರು, ಸ್ಟೇಟಸ್ ಮಾತ್ರ ಒಂದೇ

"ಈ ಬಗ್ 4.3.7ರಲ್ಲಿ ಸರಿಯಾಗಿದೆ ಅಂತ ನೀವೇ ಬರೆದಿದ್ದೀರಿ. ಹಾಕಿಕೊಂಡು ನೋಡಿದೆವು, ಹಾಗೇ ಇದೆಯಲ್ಲ ಸಾರ್?"

ಗ್ರಾಹಕರೊಬ್ಬರು ಹೀಗೆ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಹೇಳಿದ್ದು ನಿಜ. ರಿಲೀಸ್ ನೋಟ್ಸ್‌ನಲ್ಲಿ ಆ ಬಗ್ ಇತ್ತು, ಕೋಡ್‌ನಲ್ಲಿ ಫಿಕ್ಸ್ ಇರಲಿಲ್ಲ. ಅವತ್ತಿನಿಂದ ಜಿರಾದ ಫಿಕ್ಸ್ ವರ್ಷನ್ ಬಗ್ಗೆ ನನಗೆ ಒಂದು ಗಟ್ಟಿ ಅಭಿಪ್ರಾಯ ಇದೆ.

ನಡೆದದ್ದು ಇಷ್ಟು. ಆಗ ನಾವು 4.2, 4.3, 5.0 ಮೂರೂ ಲೈನ್‌ಗಳನ್ನು ಒಟ್ಟಿಗೆ ನೋಡಿಕೊಳ್ಳುತ್ತಿದ್ದೆವು. ವರದಿ ಎಕ್ಸ್‌ಪೋರ್ಟ್ ಮಾಡಿದರೆ ಕೊನೆಯ ಸಾಲು ಬಿಟ್ಟುಹೋಗುತ್ತದೆ ಅಂತ 4.3.6ರ ಮೇಲೆ ಒಂದು ಬಗ್ ಬಂತು. ಟ್ರಯಾಜ್‌ನಲ್ಲಿ ಕೂತು ಫಿಕ್ಸ್ ವರ್ಷನ್‌ಗೆ 5.0.2, 4.3.7, 4.2.12 ಮೂರನ್ನೂ ಹಾಕಿದೆವು. ಅದು ನಮ್ಮ ಪ್ಲಾನ್. ಡೆವಲಪರ್ 5.0ರಲ್ಲಿ ಸರಿಮಾಡಿ, ಮರ್ಜ್ ಮಾಡಿ, ಟಿಕೆಟ್ಟನ್ನು ರಿಸಾಲ್ವ್ ಮಾಡಿದರು. 4.3ರ ಬ್ಯಾಕ್‌ಪೋರ್ಟ್‌ನಲ್ಲಿ ಕಾನ್‌ಫ್ಲಿಕ್ಟ್ ಬಂದು ಪುಲ್ ರಿಕ್ವೆಸ್ಟ್ ತೆರೆದೇ ಉಳಿಯಿತು.

4.3.7 ರಿಲೀಸ್ ದಿನ ಜಿರಾ ಎಚ್ಚರಿಸಲಿಲ್ಲ. ಅದು ಎಚ್ಚರಿಸುವುದು ಆ ವರ್ಷನ್‌ನಲ್ಲಿ ಇನ್ನೂ ಮುಗಿಯದ ಟಿಕೆಟ್ ಇದ್ದರೆ ಮಾತ್ರ. ನಮ್ಮ ಟಿಕೆಟ್ ಅದರ ಲೆಕ್ಕದಲ್ಲಿ ಮುಗಿದಿತ್ತು. ಫಿಕ್ಸ್ ವರ್ಷನ್‌ಗೆ ಎಷ್ಟು ಹೆಸರು ಬೇಕಾದರೂ ಹಾಕಬಹುದು, ಆದರೆ ಟಿಕೆಟ್‌ಗೆ ಸ್ಟೇಟಸ್ ಒಂದೇ. 5.0ರಲ್ಲಿ ಆಗಿದೆ, 4.3ರಲ್ಲಿ ಇನ್ನೂ ಇಲ್ಲ ಅಂತ ಹೇಳೋಕೆ ಅಲ್ಲಿ ಜಾಗವೇ ಇಲ್ಲ.

ರಿಲೀಸ್‌ಗೆ ಮುಂಚೆ ಫಿಕ್ಸ್ ವರ್ಷನ್ ಅಂದರೆ ಉದ್ದೇಶ, ಆಮೇಲೆ ಅದೇ ದಾಖಲೆ. ಲೈನ್ ಒಂದೇ ಇದ್ದಾಗ ಈ ಎರಡು ಅರ್ಥಗಳಿಂದ ಅಷ್ಟೇನೂ ತೊಂದರೆ ಇಲ್ಲ. ಮೂರಿದ್ದಾಗ ಉದ್ದೇಶವೇ ದಾಖಲೆಯ ವೇಷದಲ್ಲಿ ಗ್ರಾಹಕರ ಕೈ ಸೇರುತ್ತದೆ. ಅದಕ್ಕೇ ನಾನು ಹೇಳೋದು: ಪ್ರತಿ ಲೈನ್‌ಗೂ ಒಂದು ಬ್ಯಾಕ್‌ಪೋರ್ಟ್ ಟಿಕೆಟ್ ಮಾಡಿ, ಮೂಲ ಬಗ್‌ಗೆ ಲಿಂಕ್ ಮಾಡಿ. ಪ್ರತಿ ಟಿಕೆಟ್‌ಗೂ ಅದರದೇ ಸ್ಟೇಟಸ್, ಒಂದೇ ಫಿಕ್ಸ್ ವರ್ಷನ್. ಟಿಕೆಟ್ ಜಾಸ್ತಿ ಆಗುತ್ತವೆ, ಒಪ್ಪುತ್ತೇನೆ. ಆದರೆ 4.3ರ ಕೆಲಸ ಬಾಕಿ ಇದ್ದರೆ 4.3.7ರ ಪಟ್ಟಿಯಲ್ಲಿ ಅದು ಬಾಕಿ ಅಂತಲೇ ಕಾಣುತ್ತದೆ.

ರಿಲೀಸ್‌ಗೆ ಮುಂಚೆ ಗಿಟ್‌ನಲ್ಲೂ ಒಮ್ಮೆ ನೋಡಿ. ಚೆರಿ-ಪಿಕ್ ಮಾಡಿದ ಕಮಿಟ್‌ಗೆ ಬೇರೆ ಹ್ಯಾಶ್ ಬರುವುದರಿಂದ ಮೂಲ ಹ್ಯಾಶ್ ಹಿಡಿದು ಹುಡುಕಿದರೆ ಸಿಗಲ್ಲ. ಕಮಿಟ್ ಸಂದೇಶದಲ್ಲಿ ಟಿಕೆಟ್ ನಂಬರ್ ಬರೆಯುವ ರೂಢಿ ಇದ್ದರೆ ಹೀಗೆ ಹುಡುಕಬಹುದು:

```
git log v4.3.6..v4.3.7 --grep="RPT-418"
```

ನಾವು ಮಾಡಿದಾಗ ಏನೂ ಬರಲಿಲ್ಲ. ಗ್ರಾಹಕರು ಹೇಳಿದ ಮೇಲೆ ಮಾಡಿದೆವು, ಅದೇ ಬೇಸರ.

ಅಫೆಕ್ಟ್ಸ್ ವರ್ಷನ್ ಕಥೆ ಬೇರೆ. ಅಲ್ಲಿ ನಾವು 4.3.6 ಅಂತ ಮಾತ್ರ ಬರೆದಿದ್ದೆವು, ಯಾಕಂದರೆ ದೂರು ಬಂದದ್ದು ಅದರ ಮೇಲೆ. ಆದರೆ ದೂರು ಬಂದ ವರ್ಷನ್ ಬೇರೆ, ಬಗ್ ಇರುವ ವರ್ಷನ್‌ಗಳು ಬೇರೆ. ಬಗ್ ತಂದ ಕಮಿಟ್ ಸಿಕ್ಕ ಮೇಲೆ ಇದನ್ನು ಓಡಿಸಿದೆವು:

```
git tag --contains 9f3c2ab
```

v4.3.0ರಿಂದ v4.3.7ರವರೆಗೆ, v5.0.0, v5.0.1, v5.0.2 ಬಂದವು. v5.0.2ರಲ್ಲಿ ಫಿಕ್ಸ್ ಇದ್ದುದರಿಂದ ಅದನ್ನು ಬಿಟ್ಟೆವು. 4.2ರ ಒಂದು ಟ್ಯಾಗೂ ಇಲ್ಲ. ಆ ಕಮಿಟ್ಟೇ 4.2ಕ್ಕೆ ಚೆರಿ-ಪಿಕ್ ಆಗಿದ್ದಿದ್ದರೂ ಈ ಕಮಾಂಡ್ ತೋರಿಸುತ್ತಿರಲಿಲ್ಲ. ಹಾಗಾಗಿ 4.2.11 ಹಾಕಿ ಕೈಯಾರೆ ಎಕ್ಸ್‌ಪೋರ್ಟ್ ಮಾಡಿ ನೋಡಿದೆವು. ಕೊನೆಯ ಸಾಲು ಬಂತು. ಅಂದರೆ 4.2.12 ಅಂತ ಸುಮ್ನೆ ಹಾಕಿದ್ದೆವು, ಅಲ್ಲಿ ಬಗ್ ಇರಲೇ ಇಲ್ಲ.

ಪರೀಕ್ಷಿಸಿ ಬಗ್ ಇಲ್ಲ ಅಂತ ತಿಳಿದ ಲೈನ್‌ನ ಹೆಸರನ್ನು ಟಿಕೆಟ್‌ನಲ್ಲಿ ಒಂದು ಸಾಲು ಬರೆದಿಡಿ. ಅಫೆಕ್ಟ್ಸ್ ವರ್ಷನ್‌ನಲ್ಲಿ 4.2 ಕಾಣದಿದ್ದರೆ ಅಲ್ಲಿ ಬಗ್ ಇಲ್ಲವೋ, ಯಾರೂ ನೋಡಿಲ್ಲವೋ ಅಂತ ಆರು ತಿಂಗಳ ನಂತರ ಓದುವವರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ಕೊನೆಗೆ 4.3ರ ಫಿಕ್ಸ್ 4.3.8ರಲ್ಲಿ ಹೋಯಿತು. ಅದನ್ನು ಹಾಕಿಕೊಂಡ ಇನ್ನೊಬ್ಬ ಗ್ರಾಹಕರು, ನಂಬರ್ ದೊಡ್ಡದಲ್ವಾ ಅಂತ 5.0.1ಕ್ಕೆ ಹೋಗಲು ಹೊರಟಿದ್ದರು. 5.0.1ರಲ್ಲಿ ಆ ಬಗ್ ಇದೆ. ಈ ಸಲ ಟಿಕೆಟ್ ನೋಡಿಯೇ ಸಪೋರ್ಟ್‌ನವರು ಹೇಳಿದರು: "5.0.2ಕ್ಕೇ ಹೋಗಿ ಸಾರ್, ಅದಕ್ಕಿಂತ ಹಿಂದಿನದು ಬೇಡ."